ಸರ್ವೆಯಲ್ಲಿ ಆದಾಯದ ಕಾಲಂ ಖಾಲಿ ಬಿಟ್ಟಿದ್ದಾರೆ: ಆ ಸಾಲು ಅಳಿಸಲಾ, ಸರಾಸರಿ ತುಂಬಲಾ?

"ಎಂ.ಎ. ಪ್ರಬಂಧಕ್ಕೆ ಮನೆ ಮನೆ ಸರ್ವೆ ಮಾಡಿದೀನಿ. ಕೆಲವರು ಆದಾಯ ಹೇಳಿಲ್ಲ. ಖಾಲಿ ಇರೋದು ಶೇ. 5ರ ಒಳಗಿದ್ರೆ ಅಳಿಸಬಹುದು, ಜಾಸ್ತಿ ಇದ್ರೆ ಸರಾಸರಿ ತುಂಬಬೇಕು ಅಂತಾರೆ. ಯಾವುದು ಸರಿ?"

ನಾನು ಎರಡನ್ನೂ ಮಾಡಿ ನೋಡಿದೆ. ಎರಡರಲ್ಲೂ ಒಂದೇ ಉತ್ತರ ಬಂತು ಅಂತ ಖುಷಿಪಟ್ಟೆ. ಆ ಖುಷಿ ನನ್ನ ಒಂದು ಸೆಮಿಸ್ಟರ್ ತಿಂದುಹಾಕಿತು.

ಮೂಡಿಗೆರೆ, ಸಕಲೇಶಪುರದ ಕಡೆ 200 ಮನೆ ಸುತ್ತಿದ್ದೆ. ಊರ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಮನೆಗಳು. ನೂರು ಕೂಲಿ ಕುಟುಂಬ, ಹೆಚ್ಚಿನವು ಲೈನ್ ಮನೆಗಳಲ್ಲಿ. ಎಪ್ಪತ್ತು ಸಣ್ಣ ಬೆಳೆಗಾರರು. ಮೂವತ್ತು ದೊಡ್ಡ ತೋಟದವರು. ಹೋಗಿದ್ದು ಜನವರಿಯಲ್ಲಿ, ಕಾಫಿ ಹಣ್ಣು ಕೊಯ್ಲಿನ ಗಡಿಬಿಡಿ. ಕೂಲಿಯವರು ದಿನಕ್ಕೆ ಎಷ್ಟು, ವಾರಕ್ಕೆ ಎಷ್ಟು ದಿನ ಕೆಲಸ ಅಂತ ಬೆರಳು ಮಡಚಿ ಲೆಕ್ಕ ಹೇಳಿದರು. ದೊಡ್ಡ ತೋಟದವರ ಜಗುಲಿಯಲ್ಲಿ ಕತೆಯೇ ಬೇರೆ. ಕೂರಿಸಿ ಕಾಫಿ ಕೊಟ್ಟರು, ಎಕರೆ ಎಷ್ಟು ಅಂದರೆ ಹೇಳಿದರು, ಹೋದ ವರ್ಷ ಎಷ್ಟು ಚೀಲ ಆಯ್ತು ಅಂದರೆ ಅದನ್ನೂ ಹೇಳಿದರು. ಆದಾಯ ಅಂದ ತಕ್ಷಣ, "ಆದಾಯ ಎಲ್ಲಿದೆ ಮಾರಾಯ್ರೆ, ಬಂದಿದ್ದೆಲ್ಲ ಕೂಲಿಗೆ ಗೊಬ್ಬರಕ್ಕೆ ಹೋಗುತ್ತೆ." ನಾನು ಆ ಕಾಲಂ ಖಾಲಿ ಬಿಟ್ಟು ಎದ್ದು ಬಂದೆ.

ಹೀಗೆ 40 ಮನೆಗಳದ್ದು ಖಾಲಿ ಉಳಿಯಿತು. ಆ 40 ಸಾಲು ಅಳಿಸಿದೆ. ಉಳಿದ 160ರಲ್ಲಿ 90 ಕೂಲಿ ಮನೆ, ಸರಾಸರಿ ವರ್ಷಕ್ಕೆ 1.2 ಲಕ್ಷ, 60 ಸಣ್ಣ ಬೆಳೆಗಾರರು, ಸರಾಸರಿ 3 ಲಕ್ಷ, ದೊಡ್ಡ ತೋಟದವರು ಹತ್ತೇ ಜನ, ಸರಾಸರಿ 12 ಲಕ್ಷ. ಒಟ್ಟು 408 ಲಕ್ಷ, 160ರಿಂದ ಭಾಗಿಸಿದರೆ 2.55 ಲಕ್ಷ. ಆಮೇಲೆ ಯಾರೋ ಅಳಿಸಬಾರದು ಅಂದರು ಅಂತ, ಖಾಲಿ ಇದ್ದ 40 ಕಡೆಯೂ 2.55 ತುಂಬಿ ಮತ್ತೆ ಸರಾಸರಿ ತೆಗೆದೆ. 2.55 ಲಕ್ಷ! "ಎರಡು ಬೇರೆ ಬೇರೆ ವಿಧಾನದಲ್ಲೂ ಒಂದೇ ಫಲಿತಾಂಶ ಬಂದಿರುವುದರಿಂದ ಈ ಅಂದಾಜು ನಂಬಲರ್ಹ" ಅಂತ ಪ್ರಬಂಧದಲ್ಲಿ ಬರೆದೂಬಿಟ್ಟೆ.

ಸೆಮಿನಾರಿನಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯ ಮೇಷ್ಟ್ರು ಕೇಳಿದರು: "ಅಲ್ಲಪ್ಪ, ಸರಾಸರಿಗೆ ಅದೇ ಸರಾಸರಿ ಸೇರಿಸಿದರೆ ಇನ್ನೇನು ಬರುತ್ತೆ?"

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಾನು ಎಡವಿದ್ದು ಇಲ್ಲೇ. ಸರಾಸರಿ ತುಂಬೋದು ಅಳಿಸೋದಕ್ಕಿಂತ ಬೇರೆ ವಿಧಾನ ಅಂತ ನಾನು ತಿಳಿದಿದ್ದೆ. ಸರಾಸರಿಯ ಮಟ್ಟಿಗೆ ಅವೆರಡೂ ಒಂದೇ. ಅಳಿಸಿದ್ದರಿಂದ ಬಂದ ತಪ್ಪು ಹಾಗೇ ಉಳಿಯುತ್ತೆ, ಅದರ ಮೇಲೆ ಹೊಸದೊಂದು ಸೇರಿಕೊಳ್ಳುತ್ತೆ. ನಲವತ್ತು ಮನೆಗಳು ಸರಿಯಾಗಿ ನಡುಮಧ್ಯೆ ಬಂದು ಕೂತಿದ್ದರಿಂದ ಆದಾಯದ ಏರಿಳಿತ ಕುಗ್ಗಿತು. ಮನೆಗಳ ಸಂಖ್ಯೆ ಮಾತ್ರ 160ರಿಂದ 200ಕ್ಕೆ ಏರಿತು. ಎರಡೂ ಸೇರಿ ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿ ಎಷ್ಟು ಆಚೀಚೆ ಇರಬಹುದು ಅನ್ನೋ ಅಳತೆ, ಸುಮಾರು ಶೇ. 20ರಷ್ಟು ಇಳಿಯಿತು. ಒಬ್ಬರೂ ಹೊಸದಾಗಿ ಬಾಯಿ ಬಿಟ್ಟಿರಲಿಲ್ಲ, ಆದರೂ ನನ್ನ ಅಂದಾಜು ಇದ್ದಕ್ಕಿದ್ದಂತೆ ಹೆಚ್ಚು ನಿಖರ ಆದಂತೆ ಕಾಣಿಸಿತು. ಜೊತೆಗೆ, 60 ಎಕರೆ ತೋಟದವರಿಗೂ 2.55 ಲಕ್ಷ ಬರೆದಿದ್ದೆ, ಹಾಗಾಗಿ ಎಕರೆಗೂ ಆದಾಯಕ್ಕೂ ಇದ್ದ ನಂಟು ಸಡಿಲ ಆಗಿಹೋಗಿತ್ತು.

ನಾನು ಮೊದಲ ದಿನವೇ R ಪ್ರೋಗ್ರಾಮಿನಲ್ಲಿ ಓಡಿಸಬೇಕಿದ್ದದ್ದು ಈ ಎರಡು ಸಾಲು:

```r
d$khali <- is.na(d$aadaya)
tapply(d$khali, d$gumpu, mean)
```

ಖಾಲಿ ಬಿಟ್ಟವರ ಪಾಲು ಕೂಲಿ ಮನೆಗಳಲ್ಲಿ 0.10, ಸಣ್ಣ ಬೆಳೆಗಾರರಲ್ಲಿ 0.14, ದೊಡ್ಡ ತೋಟದವರಲ್ಲಿ 0.67. ಮೂವತ್ತರಲ್ಲಿ ಇಪ್ಪತ್ತು ಜನ ಹೇಳಿಯೇ ಇಲ್ಲ! ಸಾಲು ಅಳಿಸಿದಾಗ ನಾನು ಊರಿಂದ ತೋಟದ ಮಾಲೀಕರನ್ನೇ ಎತ್ತಿ ಹೊರಗೆ ಹಾಕಿದ್ದೆ. ಆಯಾ ಗುಂಪಿನ ಸರಾಸರಿಯನ್ನು ಆಯಾ ಗುಂಪಿಗೆ ಹಾಕಿ ಲೆಕ್ಕ ಮಾಡಿದರೆ 100 ಮನೆಗೆ 120 ಲಕ್ಷ, 70 ಮನೆಗೆ 210, 30 ಮನೆಗೆ 360. ಒಟ್ಟು 690 ಲಕ್ಷ, ಮನೆಗೆ 3.45. ನಾನು ನಂಬಲರ್ಹ ಅಂತ ಬರೆದಿದ್ದು 2.55.

ಹಾಗಾಗಿ ನಿಮ್ಮ ಆ ಶೇ. 5ರ ನಿಯಮ ನನಗೆ ಒಪ್ಪಿಗೆ ಇಲ್ಲ. ಇದೇ 200 ಮನೆಯಲ್ಲಿ ದೊಡ್ಡ ತೋಟದ ಹತ್ತೇ ಹತ್ತು ಮನೆ ಖಾಲಿ ಇದ್ದಿದ್ದರೆ ಅದು ಸರಿಯಾಗಿ ಶೇ. 5. ಅವನ್ನ ಅಳಿಸಿದರೂ 3.45 ಹೋಗಿ 3.0 ಆಗುತ್ತೆ. ಎಷ್ಟು ಖಾಲಿ ಅನ್ನೋದಕ್ಕಿಂತ ಯಾರದ್ದು ಖಾಲಿ ಅಂತ ನೋಡಿ. ಖಾಲಿ ಬಿಟ್ಟವರಿಗೂ ಹೇಳಿದವರಿಗೂ ಏನೂ ವ್ಯತ್ಯಾಸ ಇಲ್ಲ, ಮಳೆಗೆ ಹಾಳೆ ನೆಂದು ಅಳಿಸಿಹೋದಂತೆ ಆಗಿದೆ ಅಂದರೆ ಅಳಿಸಿ, ಅಂದಾಜು ಸ್ವಲ್ಪ ಮಸುಕಾಗುತ್ತೆ ಅಷ್ಟೆ. ಇನ್ನೊಂದು ಕಡೆಯೂ ಅಳಿಸೋದು ನಡೆಯುತ್ತೆ: ನಿಮಗೆ ಬೇಕಿರೋದು ಸರಾಸರಿ ಅಲ್ಲ, ಎಕರೆ ಹೆಚ್ಚಿದರೆ ಆದಾಯ ಎಷ್ಟು ಹೆಚ್ಚುತ್ತೆ ಅನ್ನೋ ರಿಗ್ರೆಶನ್, ಹೇಳದೆ ಇರೋದಕ್ಕೆ ಎಕರೆ ಮಾತ್ರ ಕಾರಣ, ಆ ಎಕರೆ ಮಾಡೆಲ್ ಒಳಗೇ ಇದೆ.

ನನಗೆ ಬೇಕಿದ್ದದ್ದು ಸರಾಸರಿ, ಹಾಗಾಗಿ ತುಂಬಲೇಬೇಕಿತ್ತು. ಆದರೆ ಗುಂಪಿನ ಸರಾಸರಿ ಹಾಕಿದರೂ ಏರಿಳಿತ ಕುಗ್ಗೋ ರೋಗ ಹೋಗಲ್ಲ. ಒಂದೇ ಸಲ ತುಂಬದೆ ಇಪ್ಪತ್ತು ಸಲ, ಪ್ರತಿ ಸಲ ಸ್ವಲ್ಪ ಬೇರೆ ಬೇರೆಯಾಗಿ ತುಂಬಿ, ಇಪ್ಪತ್ತು ಉತ್ತರಗಳನ್ನು ಒಟ್ಟುಗೂಡಿಸಬೇಕು. R ನ mice ಪ್ಯಾಕೇಜ್ ಇದನ್ನ ಮಾಡುತ್ತೆ, ಮೊದಲು `library(mice)` ಓಡಿಸಿ, ಆಮೇಲೆ:

```r
imp <- mice(d[, c("aadaya","ekare","cheela","gumpu")],
            m = 20, method = "pmm", seed = 7)
fit <- with(imp, lm(aadaya ~ 1))
summary(pool(fit))
```

ಜಗುಲಿಯಲ್ಲಿ ಸಲೀಸಾಗಿ ಹೇಳಿದ ಎಕರೆ ಮತ್ತು ಚೀಲ ಇಲ್ಲಿ ಕೆಲಸಕ್ಕೆ ಬಂದವು. `pmm` ಸುಮ್ಮನೆ ಅಂಕಿ ಹುಟ್ಟಿಸಲ್ಲ, ಎಕರೆ, ಚೀಲ, ಗುಂಪು ನೋಡಿ ಆದಾಯ ಊಹಿಸಿ, ಆ ಊಹೆ ಹತ್ತಿರ ಇರೋ ಇನ್ನೊಂದು ಮನೆಯ ನಿಜವಾದ ಆದಾಯವನ್ನೇ ಎರವಲು ತರುತ್ತೆ. ಇಪ್ಪತ್ತು ಸಲದ ಉತ್ತರಗಳು ಎಷ್ಟು ಓಲಾಡುತ್ತವೋ ಅಷ್ಟು ಅನುಮಾನ ಕೊನೆಯ ಸ್ಟ್ಯಾಂಡರ್ಡ್ ಎರರ್‌ಗೂ ಸೇರುತ್ತೆ.

ಇದಕ್ಕೂ ಒಂದು ಮಿತಿ ಇದೆ. ಎರವಲು ಕೊಡೋಕೆ ನನ್ನ ಹತ್ತಿರ ಇದ್ದ ದೊಡ್ಡ ತೋಟದವರು ಹತ್ತೇ ಜನ. ಅಷ್ಟೇ ಎಕರೆ, ಅಷ್ಟೇ ಚೀಲ ಇದ್ದೂ, ಹೆಚ್ಚು ಲಾಭ ಮಾಡಿದವರೇ ಬಾಯಿ ಮುಚ್ಚಿಕೊಂಡಿದ್ದರೆ ಯಾವ ಪ್ಯಾಕೇಜಿಗೂ ಅದು ಗೊತ್ತಾಗಲ್ಲ. ಅದಕ್ಕೆ ಮೇಷ್ಟ್ರು ಒಂದು ದಾರಿ ಹೇಳಿಕೊಟ್ಟರು: ಹೇಳದ ಇಪ್ಪತ್ತು ಮನೆಯ ಸರಾಸರಿ 12ರ ಬದಲು 9 ಇದ್ದರೆ ಏನಾಗುತ್ತೆ, 16 ಇದ್ದರೆ ಏನಾಗುತ್ತೆ ಅಂತ ಲೆಕ್ಕ ಹಾಕು. 9 ಆದರೆ ಒಟ್ಟು ಸರಾಸರಿ 3.15, 16 ಆದರೆ 3.85. ಎರಡೂ 2.55ರ ಹತ್ತಿರ ಸುಳಿಯಲ್ಲ. 3.15, 3.45, 3.85, ಈ ಮೂರೂ ಅಂಕಿ ಪ್ರಬಂಧದಲ್ಲಿ ಬರೆದೆ.

ಆಮೇಲೆ ಏಪ್ರಿಲ್‌ನಲ್ಲಿ, ಕೊಯ್ಲು ಮುಗಿದು ಜನ ಬಿಡುವಾದಾಗ, ಖಾಲಿ ಬಿಟ್ಟಿದ್ದ ಆರು ತೋಟಗಳಿಗೆ ಮತ್ತೆ ಹೋದೆ. ಈ ಸಲ ಆದಾಯ ಅಂತ ಕೇಳಲಿಲ್ಲ. ಚೀಲ ಎಷ್ಟಕ್ಕೆ ಹೋಯ್ತು, ಕೂಲಿಗೆ ಎಷ್ಟಾಯ್ತು, ಗೊಬ್ಬರಕ್ಕೆ ಎಷ್ಟು ಅಂತ ಒಂದೊಂದೇ ಕೇಳಿ ನಾನೇ ಕಳೆದೆ. ನಾಲ್ಕು ಮನೆಯವರು ಹೇಳಿದರು, ಸರಾಸರಿ 14 ಲಕ್ಷ ಬಂತು. ಇನ್ನಿಬ್ಬರು ಮತ್ತೆ ಕಾಫಿ ಕೊಟ್ಟು ಕಳಿಸಿದರು.