ರಕ್ತಸ್ರಾವಕ್ಕೆ ಒಂದು ಗಡ್ಡೆ, ಭಾರಕ್ಕೆ ಇನ್ನೊಂದು: ಎರಡು ಫೈಬ್ರಾಯ್ಡ್‌ಗಳಿರುವಾಗ ಚಿಕಿತ್ಸೆ ಆರಿಸುವ ಬಗೆ

ಪ್ರಶ್ನೆ: ನನಗೆ 42 ವರ್ಷ, ಮಂಡ್ಯದವಳು, ಇಬ್ಬರು ಮಕ್ಕಳಿದ್ದಾರೆ. ಒಂದು ವರ್ಷದಿಂದ ಮುಟ್ಟು ಒಂಬತ್ತು ದಿನ ಹೋಗುತ್ತಿದೆ, ಹೆಪ್ಪುಗಟ್ಟಿದ ರಕ್ತ ಬೀಳುತ್ತದೆ, ಕಿಬ್ಬೊಟ್ಟೆಯಲ್ಲಿ ಸದಾ ಭಾರ, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತೇನೆ. ಸ್ಕ್ಯಾನಿಂಗ್‌ನಲ್ಲಿ ಎರಡು ಫೈಬ್ರಾಯ್ಡ್: ಸಬ್‌ಮ್ಯೂಕಸ್ 2.5 ಸೆಂ.ಮೀ., ಮುಂಗೋಡೆಯಲ್ಲಿ ಇಂಟ್ರಾಮ್ಯೂರಲ್ 6 ಸೆಂ.ಮೀ. ಹಿಮೋಗ್ಲೋಬಿನ್ 8.2. ಗರ್ಭಕೋಶ ತೆಗೆಸಿಬಿಡಿ, ಬಿಟ್ಟರೆ ಕ್ಯಾನ್ಸರ್ ಆದೀತು ಎಂದಿದ್ದಾರೆ. ಬೇರೆ ದಾರಿಯೇ ಇಲ್ಲವೇ?

ಉತ್ತರ: ದಾರಿಗಳಿವೆ, ಮತ್ತು ಅವುಗಳಲ್ಲಿ ನಿಮಗೆ ಯಾವುದು ಹೊಂದುತ್ತದೆ ಎಂಬುದರ ಸುಳಿವು ನೀವು ಬರೆದ ವರದಿಯಲ್ಲೇ ಇದೆ. ನಾನು ಮೈಸೂರಿನಲ್ಲಿ ಸ್ತ್ರೀರೋಗ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮನ್ನು ಪರೀಕ್ಷಿಸದೆ ಇದನ್ನೇ ಮಾಡಿಸಿ ಎಂದು ಹೇಳಲಾರೆ, ಆದರೆ ಇಂಥ ವರದಿ ಹಿಡಿದು ಬಂದವರೊಂದಿಗೆ ಕುಳಿತು ಹೇಗೆ ಯೋಚಿಸುತ್ತೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಕ್ಯಾನ್ಸರ್ ಮಾತು. ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಗೋಡೆಯ ಸ್ನಾಯುವಿನಿಂದಲೇ ಬೆಳೆಯುವ ಗಟ್ಟಿಯಾದ ಗಡ್ಡೆ. ಅದು ಕ್ಯಾನ್ಸರ್ ಅಲ್ಲ, ಮತ್ತು ಬಿಟ್ಟರೆ ಕ್ಯಾನ್ಸರ್ ಆಗಿ ಮಾರ್ಪಡುತ್ತದೆ ಎಂದು ಹೆದರಿಸಲು ಆಧಾರವಿಲ್ಲ. ಮುಟ್ಟು ನಿಲ್ಲುವ ವಯಸ್ಸು ದಾಟುವ ಹೊತ್ತಿಗೆ ಬಹಳಷ್ಟು ಹೆಂಗಸರಲ್ಲಿ ಚಿಕ್ಕದೋ ದೊಡ್ಡದೋ ಒಂದಾದರೂ ಇಂಥ ಗಡ್ಡೆ ಇರುತ್ತದೆ, ಎಷ್ಟೋ ಜನರಿಗೆ ಅದು ಇರುವುದೇ ತಿಳಿಯುವುದಿಲ್ಲ. ಫೈಬ್ರಾಯ್ಡ್ ಎಂದುಕೊಂಡು ಶಸ್ತ್ರಚಿಕಿತ್ಸೆ ಮಾಡಿದಾಗ ಸಾರ್ಕೋಮಾ ಎಂಬ ಕೆಟ್ಟ ಗಡ್ಡೆ ಹೊರಬರುವುದು ಉಂಟು, ಆದರೆ ಅದು ಅಪರೂಪ. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ ಆ ಶಂಕೆ ಬಲವಾಗುತ್ತದೆ. ನಿಮ್ಮ ವಿಷಯದಲ್ಲಿ ನಾನು ಪರೀಕ್ಷಿಸಿ ನೋಡಬಯಸುವುದು ಗಡ್ಡೆಯನ್ನಲ್ಲ, ಗರ್ಭಕೋಶದ ಒಳಪದರವನ್ನು. ನಲವತ್ತು ದಾಟಿದವರಲ್ಲಿ ಇಷ್ಟು ರಕ್ತ ಹೋಗುತ್ತಿದ್ದರೆ ತೆಳುವಾದ ಕೊಳವೆಯೊಂದರಿಂದ ಒಳಪದರದ ಚೂರನ್ನು ತೆಗೆದು ಬಯಾಪ್ಸಿಗೆ ಕಳಿಸುವುದು ನಮ್ಮ ರೂಢಿ. ಕೆಲವು ನಿಮಿಷಗಳ ಕೆಲಸ, ಮುಟ್ಟಿನ ನೋವಿನಂಥ ಹಿಡಿತ ಬಂದು ಹೋಗುತ್ತದೆ. ಗರ್ಭಕೋಶದ ಬಗ್ಗೆ ಯಾವುದೇ ತೀರ್ಮಾನಕ್ಕೆ ಬರುವ ಮೊದಲು ಆ ವರದಿ ಕೈಯಲ್ಲಿರಬೇಕು. ಥೈರಾಯ್ಡ್ ಪರೀಕ್ಷೆಯೂ ಆಗಿರಲಿ.

ಈಗ ನಿಮ್ಮ ಎರಡು ಗಡ್ಡೆಗಳಿಗೆ ಬರೋಣ. ವರದಿ ನೋಡಿದವರೆಲ್ಲ 6 ಸೆಂ.ಮೀ. ಎಂಬ ಸಂಖ್ಯೆಯ ಮೇಲೆ ಕಣ್ಣಿಡುತ್ತಾರೆ. ನಾನು ಮೊದಲು ನೋಡುವುದು 2.5 ಸೆಂ.ಮೀ.ನದನ್ನು. ಫೈಬ್ರಾಯ್ಡ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಕುಳಿತಿದೆ ಎನ್ನುವುದೇ ತೊಂದರೆಯ ಬಗೆಯನ್ನು ನಿರ್ಧರಿಸುತ್ತದೆ. ಸಬ್‌ಮ್ಯೂಕಸ್ ಗಡ್ಡೆ ಒಳಪದರದ ಅಡಿಯಲ್ಲೇ ಬೆಳೆದು ಗರ್ಭಕೋಶದ ಟೊಳ್ಳಿನೊಳಗೆ ಉಬ್ಬಿಕೊಳ್ಳುತ್ತದೆ. ತಿಂಗಳು ತಿಂಗಳು ಕಳಚುವ ಪದರ ಅದೇ ಆದ್ದರಿಂದ, ನೆಲ್ಲಿಕಾಯಿ ಗಾತ್ರದ ಗಡ್ಡೆಯೊಂದು ಅಲ್ಲಿ ಕುಳಿತರೂ ರಕ್ತ ನಿಲ್ಲುವ ಕ್ರಮವೇ ಕೆಡುತ್ತದೆ. ಇಂಟ್ರಾಮ್ಯೂರಲ್ ಗಡ್ಡೆಯಾದರೋ ಗೋಡೆಯ ದಪ್ಪದೊಳಗೆ ಹುದುಗಿರುತ್ತದೆ. ನಿಮ್ಮದು ಮುಂಗೋಡೆಯಲ್ಲಿದೆ, ಅದರ ಮುಂದೆಯೇ ಮೂತ್ರಕೋಶವಿದೆ. ಕಿಬ್ಬೊಟ್ಟೆಯ ಭಾರ ಮತ್ತು ರಾತ್ರಿ ಏಳಬೇಕಾಗುವುದು ಹೆಚ್ಚಾಗಿ ಈ ಒತ್ತಡದಿಂದ. ದೊಡ್ಡ ಇಂಟ್ರಾಮ್ಯೂರಲ್ ಗಡ್ಡೆಯೂ ರಕ್ತಸ್ರಾವಕ್ಕೆ ಒಂದಿಷ್ಟು ಕಾರಣವಾಗಬಹುದು, ಅದನ್ನು ಮರೆಯಬಾರದು. ಆದರೂ ಎರಡು ತೊಂದರೆಗಳನ್ನು ಎರಡು ಗಡ್ಡೆಗಳಿಗೆ ಹಂಚಿ ನೋಡಿದಾಗ, ಗರ್ಭಕೋಶವನ್ನೇ ತೆಗೆಯುವುದು ಅನೇಕ ದಾರಿಗಳಲ್ಲಿ ಒಂದು ಎಂಬುದು ಕಾಣುತ್ತದೆ.

ಯಾವ ದಾರಿ ಹಿಡಿದರೂ ಹಿಮೋಗ್ಲೋಬಿನ್ 8.2 ಇರುವಾಗ ಮೊದಲ ಕೆಲಸ ರಕ್ತ ತುಂಬಿಸಿಕೊಳ್ಳುವುದು. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ. ರಾಗಿ ಮುದ್ದೆಯ ಊಟದ ಜೊತೆಗೂ ಬೇಡ, ಏಕೆಂದರೆ ರಾಗಿಯಲ್ಲಿರುವ ಸುಣ್ಣದ ಅಂಶ ಮತ್ತು ಫೈಟೇಟ್ ಎಂಬ ವಸ್ತು ಕಬ್ಬಿಣ ಹೀರಿಕೆಯಾಗಲು ಬಿಡುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆ ಹಣ್ಣಿನ ನೀರಿನೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಸೇರುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಆದರೆ ಪ್ರತಿ ತಿಂಗಳೂ ಒಂಬತ್ತು ದಿನ ರಕ್ತ ಹೋಗುತ್ತಿದ್ದರೆ ಮಾತ್ರೆ ತುಂಬಿಸಿದ್ದಷ್ಟನ್ನೂ ಮುಟ್ಟು ಖಾಲಿ ಮಾಡುತ್ತದೆ. ಆದ್ದರಿಂದ ಇಂಥವರಿಗೆ ನಾನು ಸಾಮಾನ್ಯವಾಗಿ ರಕ್ತನಾಳದ ಮೂಲಕ ಕಬ್ಬಿಣ ಕೊಡಿಸುತ್ತೇನೆ. ಅದರ ಜೊತೆಗೆ ರಕ್ತ ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ದಿನಕ್ಕೆ ಮೂರು ಸಲ ಒಂದೊಂದು ಗ್ರಾಂ, ಹೆಚ್ಚೆಂದರೆ ಐದು ದಿನ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಲ್ಲದು, ಆದ್ದರಿಂದ ಔಷಧ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಈ ಮಾತ್ರೆ ರಕ್ತವನ್ನು ಕಡಿಮೆ ಮಾಡುತ್ತದೆಯೇ ಹೊರತು ಗಡ್ಡೆಯನ್ನು ಕರಗಿಸುವುದಿಲ್ಲ.

ರಕ್ತ ಸುಧಾರಿಸಿದ ಮೇಲೆ ಚಿಕ್ಕ ಗಡ್ಡೆಗೆ ಸರಿಹೊಂದುವುದು ಹಿಸ್ಟರೋಸ್ಕೋಪಿ. ಯೋನಿಮಾರ್ಗವಾಗಿ, ಗರ್ಭಕಂಠದ ಮೂಲಕ ಸಣ್ಣ ದುರ್ಬೀನನ್ನು ಒಳಗೆ ಕಳಿಸಿ, ಟೊಳ್ಳನ್ನು ದ್ರವದಿಂದ ಉಬ್ಬಿಸಿ, ಗಡ್ಡೆಯನ್ನು ಚೂರು ಚೂರಾಗಿ ಕೊರೆದು ತೆಗೆಯುತ್ತೇವೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ, ಬಹುತೇಕರು ಅದೇ ದಿನ ಇಲ್ಲವೇ ಮರುದಿನ ಮನೆಗೆ ಹೋಗುತ್ತಾರೆ. ಆದರೆ ಇದು ಸಾಧ್ಯವೇ ಎಂಬುದು, ಗಡ್ಡೆಯ ಎಷ್ಟು ಭಾಗ ಟೊಳ್ಳಿನಲ್ಲಿದೆ, ಎಷ್ಟು ಭಾಗ ಗೋಡೆಯಲ್ಲಿ ಹೂತಿದೆ ಎಂಬುದರ ಮೇಲೆ ನಿಂತಿದೆ. ಅರ್ಧಕ್ಕಿಂತ ಹೆಚ್ಚು ಟೊಳ್ಳಿನಲ್ಲಿದ್ದರೆ ಕೆಲಸ ಸುಲಭ. ಹೆಚ್ಚು ಹೂತಿದ್ದರೆ ಕಷ್ಟ, ಒಮ್ಮೆಗೇ ಮುಗಿಯದೆ ಎರಡನೇ ಸಲ ಮಾಡಬೇಕಾಗಬಹುದು. ಒಳಗೆ ಹರಿಸಿದ ದ್ರವ ರಕ್ತಕ್ಕೆ ಅತಿಯಾಗಿ ಸೇರಿದರೆ ಅಪಾಯ, ಆದ್ದರಿಂದ ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂದು ಅಳೆಯುತ್ತಲೇ ಇದ್ದು, ಮಿತಿ ಮುಟ್ಟಿದ ಕೂಡಲೇ ನಿಲ್ಲಿಸುತ್ತೇವೆ. ನಿಮ್ಮ ವರದಿಯಲ್ಲಿ ಈ ಪಾಲಿನ ಲೆಕ್ಕವಿಲ್ಲ. ಗರ್ಭಕೋಶಕ್ಕೆ ಸ್ವಲ್ಪ ಸಲೈನ್ ಬಿಟ್ಟು ಮಾಡುವ ಸ್ಕ್ಯಾನಿಂಗ್‌ನಲ್ಲಿ ಅದು ಸ್ಪಷ್ಟವಾಗುತ್ತದೆ, ಅದನ್ನು ಕೇಳಿ ಮಾಡಿಸಿ.

ಶ್ರೀರಂಗಪಟ್ಟಣದ ಕಡೆಯ ಶಾಲಾ ಶಿಕ್ಷಕಿಯೊಬ್ಬರು ನನ್ನ ಬಳಿ ಬಂದಾಗ ಕುರ್ಚಿಯ ಮೇಲೆ ತಮ್ಮ ಶಾಲು ಮಡಚಿ ಹಾಸಿ ಕುಳಿತರು. ಎಲ್ಲಿ ಕಲೆಯಾದೀತೋ ಎಂಬ ಭಯ. ಮುಟ್ಟಿನ ದಿನಗಳಲ್ಲಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದರಂತೆ. ಅವರಿಗಿದ್ದದ್ದೂ ಇಂಥ ಒಂದೇ ಗಡ್ಡೆ, ಬಹುಪಾಲು ಟೊಳ್ಳಿನಲ್ಲೇ ಇತ್ತು. ಹಿಸ್ಟರೋಸ್ಕೋಪಿಯಾದ ಮೇಲೆ ಮುಟ್ಟು ಐದು ದಿನಕ್ಕೆ ಇಳಿಯಿತು, ಗರ್ಭಕೋಶ ಅವರ ಬಳಿಯೇ ಉಳಿಯಿತು. ನಿಮಗೆ ದೊಡ್ಡದೊಂದೂ ಇರುವುದರಿಂದ ಫಲಿತಾಂಶ ಇಷ್ಟೇ ಚೆನ್ನಾಗಿರುತ್ತದೆ ಎಂದು ನಾನು ಮಾತು ಕೊಡಲಾರೆ.

ಹಾರ್ಮೋನು ಬಿಡುವ ಐಯುಡಿ, ಅಂದರೆ ಗರ್ಭಕೋಶದೊಳಗೆ ಕಾಪರ್-ಟಿಯಂತೆ ಕೂರಿಸುವ ಸಾಧನದ ಬಗ್ಗೆಯೂ ನಿಮಗೆ ಯಾರಾದರೂ ಹೇಳಿರಬಹುದು. ಅದು ಒಳಪದರವನ್ನು ತೆಳುವಾಗಿಸಿ ರಕ್ತವನ್ನು ಬಹಳವಾಗಿ ತಗ್ಗಿಸುತ್ತದೆ, ಆದರೆ ಟೊಳ್ಳಿನಲ್ಲಿ ಗಡ್ಡೆ ಇರುವಾಗ ಹಾಕಿದರೆ ಜಾರಿ ಬಿದ್ದುಹೋಗುವ ಸಂಭವ ಹೆಚ್ಚು. ಚಿಕ್ಕ ಗಡ್ಡೆ ತೆಗೆದು ಟೊಳ್ಳು ಸರಿಯಾದ ಮೇಲೂ ರಕ್ತ ಹೆಚ್ಚೇ ಹೋಗುತ್ತಿದ್ದರೆ ಆಗ ಅದು ಒಳ್ಳೆಯ ಎರಡನೇ ಹೆಜ್ಜೆ.

ದೊಡ್ಡ ಗಡ್ಡೆಯ ವಿಷಯದಲ್ಲಿ ನಾನು ಅವಸರ ಪಡುವುದಿಲ್ಲ. ಫೈಬ್ರಾಯ್ಡ್‌ಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳ ಆಸರೆಯಲ್ಲಿ ಬೆಳೆಯುವುದರಿಂದ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ನಮ್ಮ ಹೆಂಗಸರಲ್ಲಿ ಮುಟ್ಟು 46–47ರ ಆಸುಪಾಸಿನಲ್ಲಿ ನಿಲ್ಲುವುದು ಸಾಮಾನ್ಯ, ಹಾಗಾಗಿ ನಿಮ್ಮ ಮುಂದಿರುವುದು ಕೆಲವೇ ವರ್ಷಗಳ ಅವಧಿ. ಭಾರ ಸಹಿಸುವಷ್ಟಿದ್ದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಾ ಕಾಯಬಹುದು. ಸಹಿಸಲಾಗದಿದ್ದರೆ ಆ ಗಡ್ಡೆಯನ್ನು ಮಾತ್ರ ತೆಗೆಯುವ ಮಯೋಮೆಕ್ಟಮಿ ಇದೆ, ಲ್ಯಾಪ್ರೋಸ್ಕೋಪಿಯಲ್ಲೂ ಮಾಡುತ್ತಾರೆ. ಅದರಲ್ಲಿ ಗರ್ಭಕೋಶ ಉಳಿಯುತ್ತದೆ, ಹೊಸ ಗಡ್ಡೆ ಬೆಳೆಯುವ ಸಾಧ್ಯತೆಯೂ ಉಳಿಯುತ್ತದೆ. ಇನ್ನೊಂದು, ಗರ್ಭಕೋಶದ ರಕ್ತನಾಳಕ್ಕೆ ಸಣ್ಣ ಕಣಗಳನ್ನು ಬಿಟ್ಟು ಗಡ್ಡೆಗೆ ಹೋಗುವ ರಕ್ತವನ್ನು ತಡೆಯುವ ಎಂಬೊಲೈಸೇಷನ್. ಇದನ್ನು ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಕೆ ಹಾಯಿಸುತ್ತಾರೆ. ಮೊದಲ ಒಂದೆರಡು ದಿನ ನೋವು ಜೋರಾಗಿರುತ್ತದೆ, ಗಡ್ಡೆ ಕೆಲವು ತಿಂಗಳುಗಳಲ್ಲಿ ಮೆಲ್ಲನೆ ಕುಗ್ಗುತ್ತದೆ, ಕೆಲವರಿಗೆ ಕೆಲವು ವರ್ಷಗಳ ನಂತರ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಮುಟ್ಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಗಡ್ಡೆಯನ್ನು ಕುಗ್ಗಿಸುವ ಔಷಧವೂ ಇದೆ, ಆದರೆ ಹೆಚ್ಚು ಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ ಸುಧಾರಿಸಲು ಎರಡು ಮೂರು ತಿಂಗಳ ಬಿಡುವು ಪಡೆಯುವುದಕ್ಕೆ ಅದು ಉಪಯುಕ್ತ.

ಗರ್ಭಕೋಶ ತೆಗೆಸುವುದು ಕೆಟ್ಟ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ ಖಚಿತವಾಗಿ ನಿಲ್ಲುವುದು, ಗಡ್ಡೆ ಮತ್ತೆ ಬಾರದಿರುವುದು ಅದರಲ್ಲಿ ಮಾತ್ರ. ಉಳಿದ ದಾರಿಗಳು ಸೋತಾಗ, ಬಯಾಪ್ಸಿಯಲ್ಲಿ ಶಂಕೆ ಬಂದಾಗ, ಅಥವಾ ಎಲ್ಲವನ್ನೂ ತಿಳಿದ ಹೆಂಗಸು ತಾನೇ ಅದನ್ನು ಆರಿಸಿಕೊಂಡಾಗ ನಾನೂ ಮಾಡುತ್ತೇನೆ. ಹೆದರಿಸಿ ಒಪ್ಪಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಬೇಕಾಗಿ ಬಂದಿತ್ತು. ಒಂದು ವೇಳೆ ನೀವು ಇದನ್ನೇ ಆರಿಸಿದರೆ, ಅಂಡಾಶಯಗಳನ್ನು ಉಳಿಸುತ್ತೀರಾ ಎಂದು ಸಹಿ ಹಾಕುವ ಮೊದಲು ಸ್ಪಷ್ಟವಾಗಿ ಕೇಳಿ. ಅಂಡಾಶಯದಲ್ಲಿ ದೋಷವಿಲ್ಲದೆ 42ರಲ್ಲಿ ಅವನ್ನೂ ತೆಗೆದರೆ ಮುಟ್ಟು ನಿಲ್ಲುವ ಎಲ್ಲ ತೊಂದರೆಗಳು ಒಮ್ಮೆಲೇ ಎರಗುತ್ತವೆ, ಮೂಳೆಗೂ ಹೃದಯಕ್ಕೂ ಹಾನಿಯ ಸಂಭವ ಹೆಚ್ಚುತ್ತದೆ.

ಎರಡನೇ ಅಭಿಪ್ರಾಯಕ್ಕೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಸ್ಕ್ಯಾನಿಂಗ್ ವರದಿ ಮತ್ತು ಫಿಲ್ಮ್ ಎರಡನ್ನೂ ಒಯ್ಯಿರಿ. ಎರಡು ತಿಂಗಳ ಮುಟ್ಟಿನಲ್ಲಿ ದಿನಕ್ಕೆ ಎಷ್ಟು ಪ್ಯಾಡ್ ತೊಯ್ದವು ಎಂದು ಬರೆದುಕೊಂಡು ಹೋದರೆ ಅದೇ ದೊಡ್ಡ ಸಾಕ್ಷ್ಯ. ಅಷ್ಟರೊಳಗೆ ಗಂಟೆಗೊಂದು ಪ್ಯಾಡ್ ತೊಯ್ದು ಅದು ಎರಡು ಗಂಟೆ ದಾಟಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ, ಮೂತ್ರ ಕಟ್ಟಿಕೊಂಡರೆ, ಅಥವಾ ಹೆರಿಗೆ ನೋವಿನಂತೆ ಹಿಂಡಿ ಏನೋ ಕೆಳಗೆ ಜಾರಿದಂತೆ ಅನ್ನಿಸಿದರೆ ಹಗಲು ರಾತ್ರಿ ನೋಡದೆ ತುರ್ತು ವಿಭಾಗಕ್ಕೆ ಹೋಗಿ. ಕೊನೆಯದು, ಸಬ್‌ಮ್ಯೂಕಸ್ ಗಡ್ಡೆ ತೊಟ್ಟಿನ ಸಮೇತ ಗರ್ಭಕಂಠದಿಂದ ಹೊರಬರುತ್ತಿರುವುದರ ಲಕ್ಷಣವಾಗಿರಬಹುದು.