ಶೇಕಡಾ 100 ದಾಟಿದರೆ ದಾಟಲಿ, ಯಾವುದರಿಂದ ಭಾಗಿಸಿದಿರಿ ಅದನ್ನು ನೋಡಿ

ಪ್ರಶ್ನೆ: ಗೂಗಲ್ ಫಾರ್ಮ್‌ನಲ್ಲಿ ಒಂದು ಸಮೀಕ್ಷೆ ಮಾಡಿದ್ದೇನೆ. ಒಂದು ಪ್ರಶ್ನೆಗೆ ಎಷ್ಟು ಉತ್ತರ ಬೇಕಾದರೂ ಟಿಕ್ ಮಾಡಬಹುದು. ವಯಸ್ಸಿನ ಗುಂಪಿನ ಪ್ರಕಾರ ಶೇಕಡಾ ತೆಗೆದರೆ ಮೊತ್ತ 100 ದಾಟುತ್ತದೆ. ಅದನ್ನು 100ಕ್ಕೆ ತಂದು ಪೈ ಚಾರ್ಟ್ ಹಾಕುವುದು ಹೇಗೆ?

100ಕ್ಕೆ ತರಬೇಡಿ. ನಾನು ತಂದಿದ್ದೆ. ಅದರಿಂದ ಒಂದಷ್ಟು ಹಿರಿಯರು ಎರಡು ತಿಂಗಳು ಮೆಟ್ಟಿಲು ಹತ್ತಬೇಕಾಯಿತು.

ನಮ್ಮ ಊರಿನ ಒಂದು ವಾಚನಾಲಯಕ್ಕಾಗಿ ಸಮೀಕ್ಷೆ ಮಾಡಿಕೊಟ್ಟಿದ್ದೆ. ಜಾಗ ಸಾಲುತ್ತಿರಲಿಲ್ಲ. ಕೆಳಗಿನ ಹಾಲ್‌ನಲ್ಲಿ ಏನಿರಬೇಕು, ಮಹಡಿಗೆ ಏನು ಹೋಗಬೇಕು ಅನ್ನುವುದು ತೀರ್ಮಾನವಾಗಬೇಕಿತ್ತು. "ಇಲ್ಲಿಗೆ ಏತಕ್ಕೆ ಬರುತ್ತೀರಿ?" ಅಂತ ಕೇಳಿದೆವು. ನಾಲ್ಕು ಆಯ್ಕೆ: ದಿನಪತ್ರಿಕೆ, ಪರೀಕ್ಷೆಗೆ ಓದು, ಕಾದಂಬರಿ, ಮಕ್ಕಳ ಪುಸ್ತಕ. ಎಷ್ಟು ಬೇಕಾದರೂ ಟಿಕ್ ಮಾಡಬಹುದಿತ್ತು. 240 ಜನ ಉತ್ತರಿಸಿದರು. 18ರಿಂದ 30ರವರು 140, 31ರಿಂದ 50ರವರು 70, 50 ದಾಟಿದವರು 30. ಲಿಂಕ್ ಹೋಗಿದ್ದು ವಾಟ್ಸಾಪ್‌ನಲ್ಲಿ, ಹಾಗಾಗಿ ಕೆಪಿಎಸ್‌ಸಿ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಹುಡುಗಿಯರೇ ಜಾಸ್ತಿ.

ಗೂಗಲ್ ಫಾರ್ಮ್ ಇಂಥ ಉತ್ತರವನ್ನೆಲ್ಲ ಒಂದೇ ಕೋಶದಲ್ಲಿ ಅಲ್ಪವಿರಾಮ ಹಾಕಿ ತುಂಬುತ್ತದೆ, ನಿಮಗೂ ಹಾಗೇ ಬಂದಿರುತ್ತದೆ. ಹಾಗೇ ಪಿವೋಟ್ ಟೇಬಲ್‌ಗೆ ಕೊಟ್ಟರೆ "ದಿನಪತ್ರಿಕೆ, ಕಾದಂಬರಿ" ಅನ್ನುವುದೇ ಒಂದು ಬೇರೆ ಉತ್ತರ ಅಂತ ಎಣಿಸುತ್ತದೆ. ಅದಕ್ಕೇ ನಾನು ಒಂದು ಟಿಕ್‌ಗೆ ಒಂದು ಸಾಲು ಬರುವಂತೆ ಬಿಡಿಸಿಕೊಂಡೆ. ಸಾಲಿಗೆ ಆಯ್ಕೆಗಳು, ಕಂಬಕ್ಕೆ ವಯಸ್ಸು. ಆಮೇಲೆ "% of row" ಆರಿಸಿದೆ. ಪ್ರತಿ ಸಾಲಿನ ಮೊತ್ತ ಸರಿಯಾಗಿ 100 ಬಂತು. ಮೊತ್ತ 100 ಬಂದಿದ್ದಕ್ಕೇ ಲೆಕ್ಕ ಸರಿಯಿದೆ ಅಂದುಕೊಂಡೆ.

ತಪ್ಪು ಆಗಿದ್ದು ಅಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದಿನಪತ್ರಿಕೆಗೆ ಟಿಕ್ ಹಾಕಿದವರು ಒಟ್ಟು 101 ಜನ. ಅದರಲ್ಲಿ ಚಿಕ್ಕ ವಯಸ್ಸಿನವರು 42, ನಡುವಯಸ್ಸಿನವರು 35, ಹಿರಿಯರು 24. ದಶಾಂಶ ಬಿಟ್ಟು ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ನನ್ನ ಪಟ್ಟಿ ತೋರಿಸಿದ್ದು ಶೇ. 42, ಶೇ. 35, ಶೇ. 24. ನಾನು ಅದನ್ನು "ಹಿರಿಯರಲ್ಲಿ ಶೇ. 24 ಮಂದಿಗೆ ಮಾತ್ರ ಪೇಪರ್ ಬೇಕು" ಅಂತ ಓದಿದೆ. ಆದರೆ ಆ ಸಂಖ್ಯೆಯ ಅರ್ಥ ಬೇರೆ. ಪೇಪರ್ ಓದುವವರಲ್ಲಿ ಶೇ. 24 ಮಂದಿ ಹಿರಿಯರು ಅಂತಷ್ಟೇ. ಹಿರಿಯರು ಸಮೀಕ್ಷೆಯಲ್ಲಿ ಇದ್ದದ್ದೇ 30 ಜನ. ಆ 30ರಲ್ಲಿ 24 ಜನ ಪೇಪರ್‌ಗೆ ಟಿಕ್ ಹಾಕಿದ್ದರು. ಅಂದರೆ ಶೇ. 80! ಚಿಕ್ಕವರಲ್ಲಿ 140ಕ್ಕೆ 42, ಅಂದರೆ ಶೇ. 30. ನಡುವಿನವರಲ್ಲಿ 70ಕ್ಕೆ 35, ಶೇ. 50. ವಯಸ್ಸು ಏರಿದಂತೆ ಪೇಪರ್ ಓದು ಏರುತ್ತಿತ್ತು. ನನ್ನ ಚಾರ್ಟ್ ಅದು ಇಳಿಯುತ್ತಿದೆ ಅಂತ ತೋರಿಸಿತ್ತು. 101ರಿಂದ ಭಾಗಿಸಿದ್ದಕ್ಕೆ ಪೂರ್ತಿ ತಲೆಕೆಳಗಾಗಿತ್ತು. ಎಣಿಕೆಯಲ್ಲಿ ಒಂದೂ ತಪ್ಪಿರಲಿಲ್ಲ. ಸುಮ್ನೆ ಕೂತು ನೋಡಿದ್ದರೆ ನನಗೇ ಅನುಮಾನ ಬರಬೇಕಿತ್ತು, ಏಕೆಂದರೆ ನಾಲ್ಕೂ ಆಯ್ಕೆಗಳನ್ನು ಕೂಡಿಸಿದರೆ ಹೆಚ್ಚು ಟಿಕ್ ಇದ್ದದ್ದು ಚಿಕ್ಕವರದ್ದೇ. ಅವರ ಸಂಖ್ಯೆ ಜಾಸ್ತಿ ಇತ್ತು, ಅಷ್ಟೇ.

ಆ ಚಾರ್ಟ್ ನೋಡಿ ಪೇಪರ್ ಮೇಜನ್ನು ಮಹಡಿಗೆ ಸಾಗಿಸಿದರು. ಎರಡು ತಿಂಗಳಾದ ಮೇಲೆ ಒಬ್ಬರು ನಿವೃತ್ತ ಮೇಷ್ಟ್ರು ದಾರಿಯಲ್ಲಿ ಸಿಕ್ಕರು. "ಏನಪ್ಪಾ, ನಮ್ಮನ್ನ ಕೇಳಿದ್ರಿ, ನಾವು ಹೇಳಿದ್ವಿ. ಆಮೇಲೆ ಪೇಪರ್ ಮೇಲಕ್ಕೆ ಹೋಯ್ತು. ಮಂಡಿ ನೋವು ಇಟ್ಕೊಂಡು ಹೆಂಗಪ್ಪ ಹತ್ತೋದು?" ಅಂದರು. ಮನೆಗೆ ಬಂದು ಶೀಟ್ ತೆರೆದೆ. ಆ ರಾತ್ರಿ ನಿದ್ದೆ ಬರಲಿಲ್ಲ.

"ಹಾಗಾದರೆ % of column ಆರಿಸಿದರೆ ಆಯಿತಲ್ಲ" ಅಂತ ನಿಮಗೆ ಅನ್ನಿಸಬಹುದು. ನಾನೂ ಮೊದಲು ಅದನ್ನೇ ಮಾಡಿದೆ. ಅದೂ ಸರಿಯಲ್ಲ. ಬಿಡಿಸಿದ ಪಟ್ಟಿಯಲ್ಲಿ ಸಾಲು ಅಂದರೆ ಟಿಕ್, ಮನುಷ್ಯ ಅಲ್ಲ. ಆ 30 ಹಿರಿಯರು ಹಾಕಿದ ಟಿಕ್ 45. 24ನ್ನು 45ರಿಂದ ಭಾಗಿಸಿ ಅದು ಶೇ. 53 ಅನ್ನುತ್ತದೆ. ಮೊತ್ತ 100 ಬರುತ್ತದೆ ನಿಜ, ಆದರೆ 30ರಲ್ಲಿ 24 ಜನ ಅನ್ನುವ ಸಂಗತಿ ಕಳೆದುಹೋಗುತ್ತದೆ. ಒಬ್ಬರು ಪೇಪರ್ ಜೊತೆಗೆ ಕಾದಂಬರಿಗೂ ಟಿಕ್ ಹಾಕಿದರೆ ಅವರ ಪೇಪರ್ ಆಸೆ ಅರ್ಧವಾಗುವುದಿಲ್ಲ, ಅಲ್ವಾ?

ನೀವು ಭಾಗಿಸಬೇಕಾದ್ದು ಆ ವಯಸ್ಸಿನಲ್ಲಿ ಈ ಪ್ರಶ್ನೆಗೆ ಉತ್ತರಿಸಿದ ಜನರಿಂದ. ಪಿವೋಟ್ ಬೇಡವೇ ಬೇಡ. B ಕಂಬದಲ್ಲಿ ವಯಸ್ಸಿನ ಗುಂಪು, C ಕಂಬದಲ್ಲಿ ಉತ್ತರ ಇದ್ದರೆ, ಬೇರೆ ಶೀಟ್‌ನಲ್ಲಿ A2ರಿಂದ ಕೆಳಗೆ ಆಯ್ಕೆಗಳನ್ನೂ B1ರಿಂದ ಬಲಕ್ಕೆ ವಯಸ್ಸಿನ ಗುಂಪುಗಳನ್ನೂ ಬರೆದು B2ರಲ್ಲಿ ಇದನ್ನು ಹಾಕಿ, ಶೇಕಡಾ ಫಾರ್ಮ್ಯಾಟ್ ಕೊಟ್ಟು ಎಳೆಯಿರಿ:

```
=COUNTIFS('Form Responses 1'!$B:$B,B$1,'Form Responses 1'!$C:$C,"*"&$A2&"*")
/COUNTIFS('Form Responses 1'!$B:$B,B$1,'Form Responses 1'!$C:$C,"?*")
```

ಕೆಳಗಿನ ಸಾಲಿನ `"?*"` ಪ್ರಶ್ನೆಯನ್ನು ಖಾಲಿ ಬಿಟ್ಟವರನ್ನು ಹೊರಗಿಡುತ್ತದೆ. ಮೇಲಿನ ಸಾಲಿನಲ್ಲಿ ಒಂದು ಅಪಾಯ ಇದೆ. ಅದು ಪದ ಎಲ್ಲಿ ಸಿಕ್ಕರೂ ಎಣಿಸುತ್ತದೆ. ನಿಮ್ಮ ಆಯ್ಕೆಗಳಲ್ಲಿ "ಪತ್ರಿಕೆ" ಒಂದು, "ವಾರಪತ್ರಿಕೆ" ಇನ್ನೊಂದು ಇದ್ದರೆ ಎರಡನೆಯದಕ್ಕೆ ಟಿಕ್ ಹಾಕಿದವರೂ ಮೊದಲನೆಯದರಲ್ಲಿ ಸೇರಿಬಿಡುತ್ತಾರೆ. ಹಾಗಾಗಿ ಹತ್ತು ಸಾಲುಗಳನ್ನು ಬೆರಳಲ್ಲಿ ಎಣಿಸಿ ತಾಳೆ ನೋಡಿ. ನಾನು ಈಗ ತಪ್ಪದೆ ನೋಡುತ್ತೇನೆ.

ಹೀಗೆ ಮಾಡಿದಾಗ ಹಿರಿಯರ ಕಂಬದಲ್ಲಿ ಪೇಪರ್ 80, ಕಾದಂಬರಿ 50, ಮಕ್ಕಳ ಪುಸ್ತಕ 20, ಪರೀಕ್ಷೆ 0 ಬಂತು. ಮೊತ್ತ 150. ಅದು ತಪ್ಪಲ್ಲ, ಒಬ್ಬೊಬ್ಬರು ಸರಾಸರಿ ಒಂದೂವರೆ ಟಿಕ್ ಹಾಕಿದ್ದಾರೆ ಅನ್ನುವ ಸುದ್ದಿ ಅದು. ನಿಮ್ಮ ಮೊತ್ತ 100 ದಾಟಿದ್ದೂ ಇದೇ ಕಾರಣಕ್ಕೆ.

ಇನ್ನು ಪೈ ಚಾರ್ಟ್. ಇಲ್ಲಿ ಅದು ಬೇಡ ಅಂತ ಖಡಾಖಂಡಿತ ಹೇಳುತ್ತೇನೆ. ಪೈ ಅಂದರೆ ಒಂದು ರೊಟ್ಟಿಯನ್ನು ತುಂಡು ಮಾಡಿ ಹಂಚಿದ ಲೆಕ್ಕ. ಇಲ್ಲಿ ಒಬ್ಬರೇ ಎರಡು ಮೂರು ತುಂಡಿನಲ್ಲಿ ಇರುತ್ತಾರೆ. ಅಡ್ಡ ಕಂಬಗಳ ಚಾರ್ಟ್ ಹಾಕಿ. ಒಂದೊಂದು ಆಯ್ಕೆಗೆ ಒಂದು ಪುಟ್ಟ ಚಾರ್ಟ್, ಅದರಲ್ಲಿ ಮೂರು ವಯಸ್ಸು ಮೇಲಿಂದ ಕೆಳಗೆ ಕ್ರಮವಾಗಿ. ಎಲ್ಲ ಚಾರ್ಟ್‌ಗೂ ಅಳತೆ 0ಯಿಂದ 100ರವರೆಗೆ ಒಂದೇ ಇರಲಿ, ಇಲ್ಲದಿದ್ದರೆ ಶೇ. 20 ಕೂಡ ಒಂದು ಕಡೆ ಬೆಟ್ಟದಂತೆ ಕಾಣುತ್ತದೆ.

ವಯಸ್ಸಿನ ಪಕ್ಕದಲ್ಲಿ ಜನರ ಸಂಖ್ಯೆಯನ್ನೂ ಬರೆಯಿರಿ. 30 ಜನರ ಗುಂಪಿನಲ್ಲಿ ಒಬ್ಬರು ಮನಸ್ಸು ಬದಲಿಸಿದರೆ ಶೇಕಡಾ ಮೂರಕ್ಕಿಂತ ಜಾಸ್ತಿ ಅಲುಗುತ್ತದೆ. ಲಾಟರಿ ಎತ್ತಿದಂತೆ ಆರಿಸಿದ 30 ಜನ ಆಗಿದ್ದರೂ ಆ 80ರ ಆಚೀಚೆ ಸುಮಾರು 14 ಅಂಶ ಏರುಪೇರು ಇದ್ದೇ ಇರುತ್ತಿತ್ತು. ವಾಟ್ಸಾಪ್ ಲಿಂಕ್ ಸಿಕ್ಕವರು ಮಾತ್ರ ತುಂಬಿದ ಸಮೀಕ್ಷೆಗೆ ಆ ಭರವಸೆಯೂ ಇಲ್ಲ. 80ಕ್ಕೂ 30ಕ್ಕೂ ಇರುವ ಅಂತರ ನಂಬುವಷ್ಟು ದೊಡ್ಡದು. 50ಕ್ಕೂ 45ಕ್ಕೂ ಇರುವ ಅಂತರದ ಮೇಲೆ ಮೇಜು ಸಾಗಿಸಬೇಡಿ.

ನಾನು ಸರಿಪಡಿಸಿದ ಚಾರ್ಟ್ ತೆಗೆದುಕೊಂಡು ಹೋಗಿ, ತಪ್ಪು ನನ್ನದು ಅಂತ ಹೇಳಿದೆ. ಅದರ ತಲೆಬರಹ ಹೀಗಿತ್ತು: "50 ದಾಟಿದ 30 ಜನರಲ್ಲಿ 24 ಜನ ದಿನಪತ್ರಿಕೆ ಓದಲು ಬರುತ್ತಾರೆ. ಒಬ್ಬರು ಒಂದಕ್ಕಿಂತ ಹೆಚ್ಚು ಉತ್ತರ ಕೊಟ್ಟಿರಬಹುದು, ಆದ್ದರಿಂದ ಮೊತ್ತ 100 ದಾಟುತ್ತದೆ." ಮುಂದಿನ ಸೋಮವಾರ ಪೇಪರ್ ಮೇಜು ಕೆಳಗೆ ಬಂತು.