ಕೊರಿಯರ್‌ನಲ್ಲಿ ವಸ್ತು ಒಡೆದು ಬಂದಾಗ ಪರಿಹಾರ ಕೇಳಬೇಕಾದದ್ದು ಯಾರನ್ನು?

ಪ್ರಶ್ನೆ: ಕೊಯಮತ್ತೂರಿನಿಂದ ಕೊರಿಯರ್‌ನಲ್ಲಿ ತರಿಸಿದ ವೆಟ್ ಗ್ರೈಂಡರ್‌ನ ಕಲ್ಲು ಬಿರುಕು ಬಿಟ್ಟು ಬಂದಿದೆ, ಡ್ರಮ್ ಕೂಡ ನೆಗ್ಗಿದೆ. ಮಾರಿದವರು ಕೊರಿಯರ್‌ನವರನ್ನು ಕೇಳಿ ಎನ್ನುತ್ತಾರೆ, ಕೊರಿಯರ್‌ನವರು ವಿಮೆ ಇದ್ದರೆ ಅಲ್ಲಿ ಕೇಳಿ ಎನ್ನುತ್ತಾರೆ. ಮೂವರಲ್ಲಿ ಯಾರ ಮೇಲೆ ಹೋದರೆ ಹಣ ಬೇಗ ಸಿಗುತ್ತದೆ?

ಗ್ರೈಂಡರ್‌ನ ಜಾಗದಲ್ಲಿ ವೀಣೆ ಎಂದು ಓದಿಕೊಂಡರೆ ಇದು ನನ್ನದೇ ಕಥೆ. ಮಗಳಿಗಾಗಿ ತಂಜಾವೂರಿನ ತಯಾರಕರೊಬ್ಬರಿಂದ ಹಲಸಿನ ಮರದ ವೀಣೆಯನ್ನು ಶಿವಮೊಗ್ಗದ ನಮ್ಮ ಮನೆಗೆ ತಲುಪಿಸುವ ಮಾತಿನ ಮೇಲೆ 48,000 ರೂಪಾಯಿಗೆ ಕೊಂಡಿದ್ದೆ. ಜೂನ್ 2ರಂದು ಅವರು ಅದನ್ನು ಬುಕ್ ಮಾಡಿದರು, ಜೂನ್ 11ರಂದು ಅದು ನಮ್ಮ ಬಾಗಿಲಿಗೆ ಬಂತು. ಮರದ ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಕುಸಿದಿತ್ತು. ತೆರೆದು ನೋಡಿದರೆ ಕೊಡದ ಮೇಲೆ ಉದ್ದಕ್ಕೆ ಬಿರುಕು ಬಿದ್ದಿತ್ತು, ಕೊಡಕ್ಕೂ ದಂಡಿಗೂ ಇರುವ ಬೆಸುಗೆ ಬಿಟ್ಟಿತ್ತು, ಮೇಣದ ಮೇಲೆ ಕೂರಿಸಿದ್ದ ಮೆಟ್ಟುಗಳಲ್ಲಿ ಹಲವು ಜಾಗ ಬಿಟ್ಟು ಸರಿದಿದ್ದವು. ತಂದವನ ಮುಂದೆಯೇ ಪೆಟ್ಟಿಗೆಯ ಫೋಟೋ ತೆಗೆದು, ಡೆಲಿವರಿ ಚೀಟಿಯ ಮೇಲೆ 'ಪೆಟ್ಟಿಗೆ ಜಜ್ಜಿದೆ, ಒಳಗಿನ ವಸ್ತುವಿಗೆ ಹಾನಿಯಾಗಿದೆ' ಎಂದು ಬರೆದೇ ಸಹಿ ಹಾಕಿದೆ. ಅಷ್ಟರ ಮಟ್ಟಿಗೆ ನಾನು ಜಾಣನಾಗಿದ್ದೆ.

ನೀವು ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು ಎಂದುಕೊಂಡಿದ್ದೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ, ಆ ಎಣಿಕೆಯೇ ತಪ್ಪು. ಮಾರಿದವರು, ಸಾಗಿಸಿದವರು ಮತ್ತು ವಿಮೆಯವರು ಮೂರು ಬೇರೆ ಬೇರೆ ದಾರಿಗಳಲ್ಲ. ನಿಮಗೆ ಹಣ ಕೊಡಬೇಕಾದವರು ಬಹುಮಟ್ಟಿಗೆ ಮಾರಿದವರೇ. ಆದರೆ ಅವರಿಗೆ ವಿಮೆಯಿಂದ ಹಣ ಬರಬೇಕಾದರೆ, ವಿಮೆ ಕಂಪನಿಯು ತಾನು ತೆತ್ತ ಹಣವನ್ನು ಮುಂದೆ ಸಾಗಣೆದಾರರಿಂದ ವಸೂಲು ಮಾಡಿಕೊಳ್ಳುವ ಹಕ್ಕು ಜೀವಂತವಾಗಿರಬೇಕು. ಆ ಹಕ್ಕನ್ನು ಉಳಿಸುವುದು ಸಾಗಣೆದಾರರಿಗೆ ಕಾಲದೊಳಗೆ ತಲುಪುವ ಒಂದು ಲಿಖಿತ ನೋಟಿಸ್. ಆ ಕಾಗದ ಹೋಗದಿದ್ದರೆ ಉಳಿದ ಎರಡು ಬಾಗಿಲುಗಳೂ ಅರ್ಧ ಮುಚ್ಚುತ್ತವೆ.

ನಾನು ಎಡವಿದ್ದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ವೀಣೆ ಒಡೆದು ಬಂದ ಮರುದಿನ ತಯಾರಕರಿಗೆ ಫೋನ್ ಮಾಡಿ, 'ಕೊರಿಯರ್‌ನವರನ್ನು ನಾನು ನೋಡಿಕೊಳ್ಳುತ್ತೇನೆ, ನೀವು ವಿಮೆಯ ಕೆಲಸ ನೋಡಿ' ಎಂದೆ. ಅವರ ಬಳಿ ತಮ್ಮ ಎಲ್ಲ ರವಾನೆಗಳಿಗೂ ಅನ್ವಯಿಸುವ ವಾರ್ಷಿಕ ಸಾಗಣೆ ಪಾಲಿಸಿ ಇತ್ತು. ಅವರು ಅದರಂತೆಯೇ ಕೊರಿಯರ್ ವಿಷಯವನ್ನು ಪೂರ್ತಿ ನನಗೆ ಬಿಟ್ಟರು. ನಾನು ಮಾಡಿದ್ದೇನೆಂದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಒಂದು ದೂರು ಸಂಖ್ಯೆ ಪಡೆದು, ಅದನ್ನೇ ಹಿಡಿದು ಮತ್ತೆ ಮತ್ತೆ ವಿಚಾರಿಸುತ್ತಿದ್ದದ್ದು. ಪ್ರತಿ ಸಲವೂ 'ವಿಚಾರಣೆ ನಡೆಯುತ್ತಿದೆ ಸರ್' ಎಂಬ ಉತ್ತರ ಬರುತ್ತಿತ್ತು. ದೂರು ಸಂಖ್ಯೆ ಇದೆಯೆಂದರೆ ದೂರು ದಾಖಲಾಗಿದೆ, ದೂರು ದಾಖಲಾಗಿದೆಯೆಂದರೆ ಕಾನೂನಿನ ಕೆಲಸ ಮುಗಿದಿದೆ ಎಂದು ನಾನು ನಂಬಿದ್ದೆ.

ವಕೀಲ ಗೆಳೆಯರೊಬ್ಬರು ದಸರೆಯ ಹೊತ್ತಿಗೆ ಸಿಕ್ಕಾಗ, ರಸ್ತೆ ಮೂಲಕ ಸಾಗಣೆಗೆ 2007ರ ಕಾಯ್ದೆಯೊಂದಿದೆ, ಅದರ ಪ್ರಕಾರ ಮನೆ ಬಾಗಿಲಿನ ಕೊರಿಯರ್ ಸಂಸ್ಥೆಯೂ 'ಸಾರ್ವಜನಿಕ ಸಾಗಣೆದಾರ' ಎನಿಸುತ್ತದೆ, ಅದರ 16ನೆಯ ಕಲಮಿನಂತೆ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಸಾಗಣೆದಾರರ ಮೇಲೆ ಯಾವ ದಾವೆಯೂ ನಿಲ್ಲುವುದಿಲ್ಲ ಎಂದು ಹೇಳಿದರು. ನಾನು ಮನೆಗೆ ಬಂದು ವೀಣೆ ಕೈಗೆ ಬಂದ ದಿನದಿಂದ ಎಣಿಸಿದೆ. ಡಿಸೆಂಬರ್ 8 ಎಂದು ಬಂತು. ಅಷ್ಟರೊಳಗೆ ಕೊರಿಯರ್‌ನವರು ಒಪ್ಪಿಯೇ ಬಿಡಬಹುದು, ಸುಮ್ಮನೆ ಜಗಳ ಯಾಕೆ ಎಂದು ತಡೆದು, ಡಿಸೆಂಬರ್ 4ರಂದು ನೋಟಿಸ್ ಕಳಿಸಿದೆ. ಆದರೆ ಆ ಕಲಮು ಹೇಳುವುದು ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳು ಎಂದು. ಬುಕ್ ಆದದ್ದು ಜೂನ್ 2ರಂದು, ಗಡುವು ನವೆಂಬರ್ 29ಕ್ಕೇ ಮುಗಿದಿತ್ತು. ವಸ್ತು ದಾರಿಯಲ್ಲಿ ಕಳೆದ ದಿನಗಳನ್ನು ನನ್ನ ಖಾತೆಗೆ ಜಮಾ ಮಾಡಿಕೊಂಡು ಗಡುವು ದಾಟಿದ್ದೆ.

ಆ ನಷ್ಟ ಎಷ್ಟೆಂದು ನಿಮಗೆ ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಡಾಕೆಟ್‌ನ, ಎಂದರೆ ಬುಕಿಂಗ್ ರಸೀದಿಯ ಮೇಲೆ 'ಓನರ್ಸ್ ರಿಸ್ಕ್' ಎಂದು ಅಚ್ಚಾಗಿತ್ತು, ಅಂದರೆ ಸಾಗಣೆದಾರರು ಹೆಚ್ಚಿನ ಹೊಣೆ ಹೊರಲೆಂದು ಕಟ್ಟುವ ಹೆಚ್ಚಿನ ಅಪಾಯ ದರವನ್ನು ಕಟ್ಟಿರಲಿಲ್ಲ. ಹಾಗೆ ಕಟ್ಟದಿದ್ದಾಗ ಸಾಗಣೆದಾರರ ಹೊಣೆಯು ಸಾಗಣೆ ಶುಲ್ಕದ ಹತ್ತು ಪಟ್ಟಿಗೆ ಸೀಮಿತ ಎಂದು ಅದೇ ಕಾಯ್ದೆಯ 2011ರ ನಿಯಮಗಳು ಹೇಳುತ್ತವೆ. ಆ ಮೊತ್ತ ಘೋಷಿಸಿದ ಬೆಲೆಯನ್ನು ಮೀರಬಾರದು. ಶುಲ್ಕ 1,800 ರೂಪಾಯಿ, ಆದ್ದರಿಂದ ಮಿತಿ 18,000 ರೂಪಾಯಿ. 'ಓನರ್ಸ್ ರಿಸ್ಕ್' ಎಂದಿದ್ದರೆ ಏನೂ ಸಿಗುವುದಿಲ್ಲ ಎಂದು ಕೌಂಟರಿನಲ್ಲಿ ಕೂತವರು ಹೇಳುತ್ತಾರೆ, ಅದನ್ನು ನಂಬಬೇಡಿ. ಆ ಮುದ್ರೆಯಿಂದ ಮೊತ್ತ ಕುಗ್ಗುತ್ತದೆಯೇ ಹೊರತು ಹೊಣೆ ಇಲ್ಲವಾಗುವುದಿಲ್ಲ. ಸಾಗಣೆಯಲ್ಲಿ ಹಾನಿಯಾದರೆ ಸಾಗಣೆದಾರರ ಅಜಾಗ್ರತೆಯನ್ನು ನೀವು ಸಾಬೀತು ಮಾಡಬೇಕಾದ ಅಗತ್ಯವೂ ಈ ಕಾಯ್ದೆಯಲ್ಲಿ ಇಲ್ಲ.

ವಿಮೆ ಕಂಪನಿಯ ಸರ್ವೇಯರ್ ನಮ್ಮ ಮನೆಗೇ ಬಂದು ನೋಡಿದರು. ಅವರು ವೀಣೆಗಿಂತ ಮೊದಲು ಪೆಟ್ಟಿಗೆಯನ್ನು ನೋಡಿದರು ಎಂಬುದನ್ನು ನೀವು ಗಮನಿಸಬೇಕು. ಪ್ಯಾಕಿಂಗ್ ಸಾಲದೆ ಆದ ಹಾನಿ ಸಾಗಣೆ ಪಾಲಿಸಿಯಲ್ಲಿ ಹೊರಗಿಟ್ಟ ವಿಷಯ. ಪೆಟ್ಟಿಗೆಯನ್ನು ಒಲೆಗೆ ಹಾಕದೆ ಉಳಿಸಿದ್ದರಿಂದ ಆ ಪ್ರಶ್ನೆ ಅಲ್ಲಿಗೇ ನಿಂತಿತು. ಮೆಟ್ಟುಗಳು ಸರಿದದ್ದನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಬಿಸಿಲಿನ ದಿನಗಳಲ್ಲಿ ಮೇಣ ಮೆತ್ತಗಾಗುವುದು ವಸ್ತುವಿನದೇ ಗುಣ, ಅಪಘಾತವಲ್ಲ ಎಂದರು. ನನಗೆ ಸಿಟ್ಟು ಬಂತು, ಆದರೆ ಮಾತು ಸರಿಯಾಗಿಯೇ ಇತ್ತು. ಕೊಡ ಮತ್ತು ಬೆಸುಗೆಯ ದುರಸ್ತಿಗೆ 22,000 ರೂಪಾಯಿ ನಷ್ಟವೆಂದು ವರದಿ ಕೊಟ್ಟರು.

ಅನಂತರ ವಿಮೆಯವರು ಕೇಳಿದ ಕಾಗದಗಳು ಇನ್‌ವಾಯ್ಸ್, ಡಾಕೆಟ್, ಷರಾ ಬರೆದ ಡೆಲಿವರಿ ಚೀಟಿ, ಹಾನಿಯನ್ನು ಒಪ್ಪಿ ಸಾಗಣೆದಾರರು ಕೊಡುವ 'ಸರ್ಟಿಫಿಕೇಟ್ ಆಫ್ ಫ್ಯಾಕ್ಟ್ಸ್', ಮತ್ತು ಸಾಗಣೆದಾರರ ಮೇಲೆ ಹಾಕಿದ ಹಣದ ಕ್ಲೇಮಿನ ಪ್ರತಿ. ಕೊನೆಯದು ಗಡುವಿನ ನಂತರದ್ದಾಗಿತ್ತು. ಸಾಗಣೆದಾರರಿಂದ ತಾವು ವಸೂಲು ಮಾಡಬಹುದಾಗಿದ್ದ 18,000 ರೂಪಾಯಿ ನಿಮ್ಮ ಕಡೆಯ ವಿಳಂಬದಿಂದ ಕೈತಪ್ಪಿದೆ ಎಂದು ಹೇಳಿ ಅವರು ಆ ಮೊತ್ತವನ್ನು ಮುರಿದುಕೊಂಡರು, ಪಾಲಿಸಿಯಂತೆ ವಿಮೆ ಮಾಡಿಸಿದವರೇ ಹೊರಬೇಕಾದ 1,000 ರೂಪಾಯಿಯ ಎಕ್ಸೆಸ್ ಕಳೆದರು, 3,000 ರೂಪಾಯಿ ಕೊಟ್ಟರು. ಆ ಹಣವೂ ಹೋದದ್ದು ತಯಾರಕರ ಖಾತೆಗೆ, ಏಕೆಂದರೆ ಪಾಲಿಸಿಯಲ್ಲಿ ಇದ್ದದ್ದು ಅವರ ಹೆಸರು. ಪಾಲಿಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿ ಬರೆದುಕೊಡದ ಹೊರತು, ವಿಮೆ ಕಂಪನಿಯ ಬಾಗಿಲನ್ನು ನೀವೇ ನೇರವಾಗಿ ತಟ್ಟುವುದರಲ್ಲಿ ಅರ್ಥವಿಲ್ಲ.

ಉಳಿದದ್ದು ಮಾರಿದವರು. ಸರಕನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಕೊಂಡವರಿಗೆ ಒಪ್ಪಿಸಿದಂತೆಯೇ ಎಂದು ಅವರು ವಾದಿಸಿದರು. 1930ರ ಸರಕು ಮಾರಾಟ ಕಾಯ್ದೆಯ 39ನೆಯ ಕಲಮಿನಲ್ಲಿ ಆ ಮಾತು ನಿಜವಾಗಿಯೂ ಇದೆ, ನಿಮ್ಮ ಮಾರಾಟಗಾರರೂ ಅದನ್ನೇ ಹೇಳುತ್ತಿದ್ದಾರೆ. ಆದರೆ ಅದು ಬೇರೆ ಒಪ್ಪಂದ ಇಲ್ಲದಿದ್ದಾಗ ಹಿಡಿಯುವ ಮೇಲ್ನೋಟದ ನಿಯಮ. 'ಶಿವಮೊಗ್ಗದ ಮನೆಗೆ ತಲುಪಿಸಿ 48,000' ಎಂಬ ಅವರದೇ ಸಂದೇಶ ನನ್ನ ಫೋನಿನಲ್ಲಿತ್ತು, ಕೊರಿಯರ್ ಯಾವುದೆಂದು ಆರಿಸಿದವರೂ ಅವರೇ. ಅದಲ್ಲದೆ ಅದೇ ಕಲಮಿನ ಎರಡನೆಯ ಉಪಕಲಮು, ಸರಕಿನ ಸ್ವಭಾವಕ್ಕೆ ತಕ್ಕ ಸಮಂಜಸವಾದ ಒಪ್ಪಂದವನ್ನು ಸಾಗಣೆದಾರರೊಡನೆ ಮಾಡಿಕೊಳ್ಳಬೇಕಾದ ಹೊಣೆಯನ್ನು ಮಾರುವವರ ಮೇಲೆ ಹೊರಿಸುತ್ತದೆ. ವೀಣೆಯಂಥ ವಸ್ತುವನ್ನು 'ಓನರ್ಸ್ ರಿಸ್ಕ್'ನಲ್ಲಿ ಬುಕ್ ಮಾಡಿದ್ದು ಸಮಂಜಸವೇ ಎಂದು ಕೇಳಿದಾಗ ಅವರು ಪಾಲಿಸಿ ಇತ್ತಲ್ಲ ಎಂದರು. ಪಾಲಿಸಿಯ ಹಣ ಹಾಳಾದದ್ದು ನನ್ನ ವಿಳಂಬದಿಂದ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಹೊಸ ಕೊಡವನ್ನು ಕೂಲಿ ಇಲ್ಲದೆ ಕೂರಿಸಿ ಕೊಟ್ಟರು, ಮರದ ಬೆಲೆಯನ್ನೂ ಹೋಗಿಬರುವ ಸಾಗಣೆಯನ್ನೂ ನಾನು ಹೊತ್ತೆ.

ನಿಮ್ಮ ವಿಷಯದಲ್ಲಿ ಈಗಲೇ ಮಾಡಬೇಕಾದದ್ದು ಇಷ್ಟು. ಡಾಕೆಟ್‌ನಲ್ಲಿರುವ ಬುಕಿಂಗ್ ದಿನಾಂಕವನ್ನು ನೋಡಿ, ಕೊರಿಯರ್ ಸಂಸ್ಥೆಯ ನೋಂದಾಯಿತ ಕಚೇರಿಗೆ ಸ್ವೀಕೃತಿ ಸಿಗುವಂಥ ಅಂಚೆಯಲ್ಲಿ ಈ ವಾರವೇ ಒಂದು ಕಾಗದ ಕಳಿಸಿ. ಅದರಲ್ಲಿ ಡಾಕೆಟ್ ಸಂಖ್ಯೆ, ವಸ್ತು, ಹಾನಿಯ ವಿವರ, ಕೇಳುವ ಮೊತ್ತ, ಮತ್ತು ಇದು 16ನೆಯ ಕಲಮಿನ ನೋಟಿಸ್ ಎಂಬ ಮಾತು ಇರಲಿ. ಇದು ಸಂಧಾನಕ್ಕೆ ಅಡ್ಡಿ ಎಂಬ ಸಂಕೋಚ ಬೇಡ; ನನ್ನನ್ನು ಕೆಡಿಸಿದ್ದು ಆ ಸಂಕೋಚವೇ. ಬುಕ್ ಮಾಡಿದವರು ಮಾರಾಟಗಾರರು, ಹಾಗಾಗಿ ಅವರಿಂದಲೂ ಅಂಥದೇ ಒಂದು ಕಾಗದ ಹೋಗಲಿ. ಹಣವನ್ನು ಮಾತ್ರ ಮಾರಾಟಗಾರರನ್ನೇ ಕೇಳಿ, ಕೊರಿಯರ್‌ನ ಹಿಂದೆ ಓಡಬೇಡಿ. ಗ್ರೈಂಡರ್‌ನ ಶುಲ್ಕದ ಹತ್ತು ಪಟ್ಟು ಅದರ ಬೆಲೆಯನ್ನು ತುಂಬುವ ಸಾಧ್ಯತೆ ಕಡಿಮೆ, ಆದರೆ ಮಾರಾಟಗಾರರ ಹೊಣೆಗೆ ಆ ಮಿತಿ ಇಲ್ಲ.

ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಅದರಿಂದಲೂ ಆಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ಕೊಯಮತ್ತೂರಿಗೆ ಹೋಗಬೇಕಾದ ಕಷ್ಟವಿಲ್ಲ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಅಲ್ಲಿ ಎರಡು ವರ್ಷಗಳ ಕಾಲಾವಕಾಶ ಇದೆ ಎಂದು ನೆಮ್ಮದಿಯಿಂದ ಕೂರಬೇಡಿ, ಆ ಎರಡು ವರ್ಷಗಳಿಂದ ಈ 180 ದಿನಗಳು ಹಿಗ್ಗುವುದಿಲ್ಲ. ಮಾರಾಟಗಾರರನ್ನೂ ಕೊರಿಯರ್‌ನವರನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ, ಯಾರ ಪಾಲು ಎಷ್ಟು ಎಂಬುದನ್ನು ಆಯೋಗವೇ ತೀರ್ಮಾನಿಸಲಿ. ಇದರ ನಡುವೆ ಯಾರಾದರೂ ಸಣ್ಣ ಮೊತ್ತ ಕೊಟ್ಟು 'ಪೂರ್ಣ ಮತ್ತು ಅಂತಿಮ' ಎಂಬ ರಸೀದಿಗೆ ಸಹಿ ಕೇಳಿದರೆ, ಉಳಿದ ಮೊತ್ತವನ್ನು ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇನೆ ಎಂದು ಬರೆಯದೆ ಸಹಿ ಹಾಕಬೇಡಿ.